ಏಳರ ಡ್ಯೂಟಿ ಒಂಬತ್ತಕ್ಕೆ: ಒಬ್ಬ ಬಾಣಂತಿ ಲ್ಯಾಬ್ ಟೆಕ್ನಿಷಿಯನ್ ಬರೆದ ಪತ್ರದ ಕಥೆ

ಮೈಸೂರಲ್ಲಿ ಒಂದು ಖಾಸಗಿ ಡಯಾಗ್ನಾಸ್ಟಿಕ್ ಲ್ಯಾಬು, ಹೆಸರು ಬೇಡ. ಹದಿನಾಲ್ಕು ಜನ ಸ್ಟಾಫು. ಅಲ್ಲಿನ ಸೀನಿಯರ್ ಟೆಕ್ನಿಷಿಯನ್ ಒಬ್ಬಳು ಹೆರಿಗೆ ರಜೆ ಮುಗಿಸಿ ವಾಪಸ್ ಬಂದ ಎರಡೇ ವಾರಕ್ಕೆ ಮ್ಯಾನೇಜ್‌ಮೆಂಟಿಗೆ ಒಂದು ಪತ್ರ ಬರೀಬೇಕು ಅಂತ ನನ್ನ ಹತ್ರ ಬಂದ್ಲು, ಯಾಕಂದ್ರೆ ನಾನು ಇಂಥದ್ದೇ ಬೇರೆ ಲ್ಯಾಬಲ್ಲಿ ಡ್ಯೂಟಿ ರೋಸ್ಟರ್ ಹಾಕೋಳು, ಇಂಥ ಪತ್ರಗಳನ್ನ ಟೇಬಲ್ಲಿನ ಆ ಕಡೆ ಕೂತು ಓದೋಳು. ಅವಳ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಗುರುತು ಸಿಗೋ ವಿಷಯ ಎಲ್ಲ ತೆಗೆದಿದ್ದೀನಿ.

ಮೊದಲು ಪರಿಸ್ಥಿತಿ ಏನಿತ್ತು ಅಂತ ನೋಡೋಣ. ಡ್ಯೂಟಿ ಬೆಳಿಗ್ಗೆ 7ರಿಂದ 3.30. 26 ವಾರದ ರಜೆಯಲ್ಲಿ ಮೂರು ವಾರ ಹೆರಿಗೆಗೆ ಮುಂಚೆನೇ ಖರ್ಚಾಗಿತ್ತು, ಹಾಗಾಗಿ ವಾಪಸ್ ಬಂದಾಗ ಮಗುಗೆ ಐದು ತಿಂಗಳು ದಾಟಿತ್ತು ಅಷ್ಟೆ. ಅನ್ನ ಇನ್ನೂ ಮುಟ್ಟಿಸಿಲ್ಲ, ಪೂರ್ತಿ ಎದೆಹಾಲು. ಹಗಲು ಅತ್ತೆ ನೋಡ್ಕೋತಾರೆ, ತೆಗೆದಿಟ್ಟ ಹಾಲನ್ನ ಒಳಲೆಯಲ್ಲಿ ಕುಡಿಸ್ತಾರೆ. ಮಗು ಏನ್ ಮಾಡ್ತಿತ್ತು ಅಂದ್ರೆ ಒಳಲೆ ಹಾಲು ಸ್ವಲ್ಪ ಕುಡಿದು ಮುಖ ತಿರುಗಿಸ್ತಿತ್ತು, ಅಮ್ಮ ಮನೆಗೆ ಬಂದ ಮೇಲೆ ಶುರು. ರಾತ್ರಿ ಹನ್ನೊಂದು, ಒಂದೂವರೆ, ಮೂರೂವರೆ, ಆಮೇಲೆ ಐದು.

ಇದು ಹಠ ಅಲ್ಲ, ಅಭ್ಯಾಸ ಕೆಟ್ಟಿರೋದೂ ಅಲ್ಲ. ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಲ್ಲಿ ತುಂಬಾ ನೋಡೋ ವಿಷಯ ಇದು, ಹಗಲು ಅಮ್ಮ ಸಿಗಲ್ಲ ಅಂತ ಹಗಲಿನ ಕೋಟಾನ ಮಗು ರಾತ್ರಿಗೆ ಎತ್ತಿ ಹಾಕ್ಕೊಳತ್ತೆ. ಹಾಗಾಗಿ ರಜೆಯಲ್ಲಿದ್ದಾಗ ರಾತ್ರಿ ಎರಡು ಸಲ ಏಳ್ತಿದ್ದ ಮಗು ಅಮ್ಮ ಡ್ಯೂಟಿಗೆ ಹೋಗಕ್ಕೆ ಶುರು ಮಾಡಿದ ವಾರದಿಂದ ನಾಲ್ಕು ಸಲ ಏಳತ್ತೆ. ಮನೆಯಲ್ಲಿ "ಮೂರು ತಿಂಗಳಾದ್ಮೇಲೆ ಸರಿ ಹೋಗತ್ತೆ ಅಂದಿದ್ರಲ್ಲ" ಅಂತಾರೆ, ಆಫೀಸಲ್ಲಿ "ರಜೆ ಮುಗೀತಲ್ಲ, ಇನ್ನೇನು" ಅಂತಾರೆ, ಅವಳಿಗೆ ನಿಜವಾಗ್ಲೂ ಕಷ್ಟ ಶುರುವಾಗಿದ್ದೇ ಆವಾಗ.

ಅವಳಿಗೆ ನಾನು ಮೊದಲು ಹೇಳಿದ್ದು ಪತ್ರ ಆಮೇಲೆ ಬರಿ, ಮೊದಲು ಒಂದು ವಾರ ಟೈಮ್ ಗುರುತು ಹಾಕು ಅಂತ. ಅಡುಗೆಮನೆ ಗೋಡೆಗೆ ನೇತು ಹಾಕಿರೋ ಪಂಚಾಂಗದ ಕ್ಯಾಲೆಂಡರಲ್ಲಿ ಆಯಾ ತಾರೀಕಿನ ಚೌಕದೊಳಗೇ ಪೆನ್ಸಿಲಲ್ಲಿ ಮಗು ಎದ್ದ ಟೈಮು ಬರೆದಿದ್ಲು, ಏಕಾದಶಿ, ಸಂಕಷ್ಟಿ ಎಲ್ಲದರ ಪಕ್ಕ 11.10, 1.40, 3.20 ಅಂತ. ಅದನ್ನ ನೋಡಿದ್ರೆ ಒಂದು ವಿಷಯ ಎದ್ದು ಕಾಣ್ತಿತ್ತು. ರಾತ್ರಿ ಮಧ್ಯದ ಟೈಮುಗಳು ದಿನಕ್ಕೊಂದು ಥರ, ಆದ್ರೆ ಐದರ ಹಾಲಾದ ಮೇಲೆ ಮಗು ಏಳು ಗಂಟೆವರೆಗೂ ಒಂದೇ ಸಮ ಮಲಗ್ತಿತ್ತು, ಹೆಚ್ಚು ಕಮ್ಮಿ ಎಲ್ಲಾ ದಿನನೂ. ಅಂದ್ರೆ ಇಡೀ ರಾತ್ರಿಯಲ್ಲಿ ಅವಳಿಗೆ ದಿನಾ ಖಾತ್ರಿಯಾಗಿ ಸಿಗಬಹುದಾಗಿದ್ದ ನಿದ್ದೆ ಅದೊಂದೇ. ಏಳರ ಡ್ಯೂಟಿಗೆ ಅವಳು ಐದೂಕಾಲಿಗೆ ಏಳಲೇಬೇಕು, ಸ್ನಾನ, ಹಾಲು ತೆಗೆಯೋದು, ಬಸ್ಸು. ಸರಿಯಾಗಿ ಆ ನಿದ್ದೆ ಮೇಲೇ ಡ್ಯೂಟಿ ಬಂದು ಕೂತಿತ್ತು.

ದೊಡ್ಡವರ ನಿದ್ದೆ ಒಂದು ಸುತ್ತು ಅಂದಾಜು ಒಂದೂವರೆ ಗಂಟೆ. ಎರಡು ಗಂಟೆ ಸಿಕ್ಕಿದ್ರೆ ಒಂದು ಸುತ್ತಾದ್ರೂ ಪೂರ್ತಿ ಆಗತ್ತೆ. ಹತ್ತತ್ತು ನಿಮಿಷ ಅಲ್ಲಲ್ಲಿ ಸಿಕ್ಕಿದ್ರೆ ಗಂಟೆ ಲೆಕ್ಕ ಅಷ್ಟೇ ಇದ್ರೂ ತಲೆ ನಿಲ್ಲಲ್ಲ. ಈ ಕ್ಯಾಲೆಂಡರ್ ಇದ್ದಿದ್ರಿಂದಲೇ "ಲೇಟಾಗಿ ಬರ್ತೀನಿ" ಅನ್ನೋದು "ಒಂಬತ್ತಕ್ಕೆ ಬರ್ತೀನಿ, ಯಾಕಂದ್ರೆ ಐದರಿಂದ ಏಳು" ಅಂತ ಆಯ್ತು. ಮಗು ಒಂದರಿಂದ ಮೂರರವರೆಗೆ ಚೆನ್ನಾಗಿ ಮಲಗಿ ಐದಕ್ಕೆ ಎದ್ದುಬಿಡೋ ಥರದ್ದಾಗಿದ್ರೆ ಲೇಟ್ ಡ್ಯೂಟಿ ಕೇಳಿ ಏನೂ ಪ್ರಯೋಜನ ಇರ್ತಿರಲಿಲ್ಲ, ಬೇರೆ ಏನಾದ್ರೂ ಕೇಳಬೇಕಿತ್ತು.

ಈಗ ಅವಳ ಮೊದಲ ಡ್ರಾಫ್ಟ್. ಇಷ್ಟೇ ಇತ್ತು: ಸಣ್ಣ ಮಗು ಇರುವ ಕಾರಣ ರಾತ್ರಿ ನಿದ್ದೆ ಇಲ್ಲ, ತುಂಬಾ ಕಷ್ಟವಾಗುತ್ತಿದೆ, ಮೊನ್ನೆ ನಿದ್ದೆಗಣ್ಣಿನಲ್ಲಿ ಲೇಬಲ್ ತಪ್ಪಾಗುವುದರಲ್ಲಿತ್ತು, ದಯವಿಟ್ಟು ಸ್ವಲ್ಪ ದಿನ ತಡವಾಗಿ ಬರಲು ಅನುಮತಿ ಕೊಡಬೇಕು, ಬೇಕಾದರೆ ಹಾಲುಣಿಸುವ ಬ್ರೇಕ್ ಬಿಟ್ಟುಕೊಡುತ್ತೇನೆ, ತಮ್ಮ ವಿಧೇಯ.

ರೋಸ್ಟರ್ ಹಾಕೋರ ಕಣ್ಣಲ್ಲಿ ಇದನ್ನ ಓದಿದ್ರೆ ಹೇಗಿರತ್ತೆ ಅಂತ ಹೇಳ್ತೀನಿ. "ಸ್ವಲ್ಪ ದಿನ" ಅಂದ್ರೆ ಎಷ್ಟು ದಿನ? "ತಡವಾಗಿ" ಅಂದ್ರೆ ಎಂಟಾ, ಹತ್ತಾ? ಆ ಹೊತ್ತಲ್ಲಿ ರಕ್ತ ತೆಗೆಯೋರು ಯಾರು? ಉತ್ತರ ಇಲ್ಲದ ಪತ್ರಕ್ಕೆ ಮ್ಯಾನೇಜರು ಇಲ್ಲ ಅನ್ನಲ್ಲ, "ನೋಡೋಣ" ಅಂತಾರೆ, ನೋಡೋಣ ಅಂದ್ರೆ ಮುಗೀತು. ಲ್ಯಾಬಲ್ಲಿ ಏಳರಿಂದ ಒಂಬತ್ತೂವರೆ ಅಂದ್ರೆ ದಿನದ ಅತೀ ರಶ್ ಟೈಮು, ಫಾಸ್ಟಿಂಗ್ ಶುಗರು, ಲಿಪಿಡ್ಡು ಅಂತ ಖಾಲಿ ಹೊಟ್ಟೆಯಲ್ಲಿ ಬಂದವರು ಕ್ಯೂ ನಿಂತಿರ್ತಾರೆ, ಕಾಫಿ ಕುಡಿದಿಲ್ಲ ಅಂತ ಎಲ್ಲರಿಗೂ ಸಿಟ್ಟು ಬೇರೆ. ಪೇಷಂಟ್ ಸ್ಯಾಂಪಲ್ ಹಾಕೋಕ್ಕೆ ಮುಂಚೆ ಮೆಷಿನ್ನಿಗೆ ಕಂಟ್ರೋಲ್ ಓಡಿಸಿ ರೀಡಿಂಗ್ ಸರಿ ಇದ್ಯಾ ನೋಡಬೇಕು, ಅದೂ ಅದೇ ಹೊತ್ತಲ್ಲಿ. ಆ ಟೈಮಿಂದ ಒಬ್ಬ ಸೀನಿಯರನ್ನ ತೆಗಿ ಅಂತ ಕೇಳ್ತಿರೋದು, ಸಣ್ಣ ಕೇಳಿಕೆ ಅಲ್ಲ. ಅದನ್ನ ಗೊತ್ತಿದ್ದೇ ಕೇಳ್ತಿದ್ದೀನಿ ಅಂತ ಪತ್ರದಲ್ಲಿ ಕಾಣಬೇಕು.

ಆ ಲೇಬಲ್ ವಿಷಯಕ್ಕೆ ನಾವಿಬ್ರೂ ತುಂಬಾ ಹೊತ್ತು ಮಾತಾಡಿದ್ವಿ. ನಡೆದಿದ್ದು ಇಷ್ಟು: ಒಂದೇ ಹೆಸರಿನ ಇಬ್ಬರು ಪೇಷಂಟು, ಹಿಂದೆ ಮುಂದೆ ಬಂದಿದ್ರು, ಒಬ್ಬರ ಟ್ಯೂಬಿಗೆ ಇನ್ನೊಬ್ಬರ ಬಾರ್‌ಕೋಡ್ ಅಂಟಿಸೋಕ್ಕೆ ಹೋಗಿ ವಯಸ್ಸು ನೋಡಿ ಕೈ ತಡೆದ್ಲು. ಸ್ಯಾಂಪಲ್ ಅದಲು ಬದಲಾದ್ರೆ ಶುಗರ್ ಇಲ್ಲದವರಿಗೆ ಮಾತ್ರೆ ಶುರುವಾಗತ್ತೆ, ಇರೋರಿಗೆ ಇಲ್ಲ ಅಂತ ರಿಪೋರ್ಟ್ ಹೋಗತ್ತೆ. ಅವಳು ಅದನ್ನ ಅವತ್ತೇ ಲ್ಯಾಬಿನ ರಿಜಿಸ್ಟರಲ್ಲಿ ಬರೆದಿದ್ಲು, ತಪ್ಪು ಆಗಲಿಲ್ಲ, ಆಗೋದ್ರಲ್ಲಿತ್ತು ಅಂತ. ಅದು ಇರಬೇಕಾದ ಜಾಗ ಅದೇ. ಮುಚ್ಚಿಡಬಾರದು, ಆದ್ರೆ ಅದನ್ನೇ ಎತ್ತಿಕೊಂಡು ಬಂದು ಕೋರಿಕೆ ಪತ್ರದಲ್ಲಿ ಹಾಕಿದ್ರೆ ಅರ್ಥ ಬೇರೆ ಆಗತ್ತೆ, "ಲೇಟ್ ಡ್ಯೂಟಿ ಕೊಡದಿದ್ರೆ ತಪ್ಪಾಗತ್ತೆ ನೋಡಿ" ಅಂತ ಹೆದರಿಸಿದ ಹಾಗೂ ಓದಬಹುದು, "ಇವಳನ್ನ ಕೆಲಸದಲ್ಲಿ ಇಟ್ಕೊಳೋದೇ ರಿಸ್ಕು" ಅಂತಾನೂ ಓದಬಹುದು. ಅದರ ಬದಲು ಕೆಲಸದ ಮೇಲೆ ಮಾತು ಇಟ್ವಿ, ಲೇಬಲ್ ಕೆಲಸಕ್ಕೆ ಗಮನ ಜಾಸ್ತಿ ಬೇಕು, ಅದು ನನ್ನ ತಲೆ ಚುರುಕಿಲ್ಲದ ಹೊತ್ತಲ್ಲೇ ಬೀಳ್ತಿದೆ ಅಂತ. ಸುಳ್ಳಲ್ಲ, ಬೆದರಿಕೆನೂ ಅಲ್ಲ.

ಬ್ರೇಕ್ ಬಿಟ್ಟುಕೊಡ್ತೀನಿ ಅನ್ನೋ ಸಾಲನ್ನ ಮಾತ್ರ ನಾನೇ ಹಟ ಮಾಡಿ ಹೊಡೆಸಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಮಗುಗೆ 15 ತಿಂಗಳಾಗೋ ತನಕ ದಿನಕ್ಕೆ ಎರಡು ಹಾಲುಣಿಸೋ ಬ್ರೇಕ್ ಇತ್ತು, ಮಾಮೂಲಿ ಊಟದ ಬ್ರೇಕ್ ಬಿಟ್ಟು. ಅದರ ಜಾಗಕ್ಕೆ 2025ರ ನವೆಂಬರಲ್ಲಿ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಹಾಗೇ ಇದೆ. ಆದ್ರೆ ಹಕ್ಕು ಅನ್ನೋದಕ್ಕಿಂತ ಇಲ್ಲಿ ಇನ್ನೊಂದು ಲೆಕ್ಕ ಇದೆ. ಎಂಟೂವರೆ ಗಂಟೆ ಹಾಲು ತೆಗೀದೆ ಇದ್ರೆ ಎದೆ ಕಲ್ಲಾಗತ್ತೆ, ಗಂಟು ಕಟ್ಟಿ ಜ್ವರ ಬರೋದೂ ಉಂಟು, ಅದೇ ಥರ ದಿನಾ ಆದ್ರೆ ಹಾಲು ಕಮ್ಮಿಯಾಗತ್ತೆ, ಹಗಲಿಗೆ ಒಳಲೆಗೆ ಹಾಲು ಸಾಲಲ್ಲ, ಆವಾಗ ಮಗು ರಾತ್ರಿ ಇನ್ನೂ ಜಾಸ್ತಿ ಏಳತ್ತೆ. ಅಂದ್ರೆ ಬೆಳಿಗ್ಗೆ ಎರಡು ಗಂಟೆ ನಿದ್ದೆ ತಗೊಳೋಕ್ಕೆ ಹೋಗಿ ರಾತ್ರಿದನ್ನ ತಾನೇ ಕೆಡಿಸಿಕೊಂಡ ಹಾಗೆ. ಖುಷಿ ಪಡಿಸೋಕ್ಕೆ ಅಂತ ಇಂಥದ್ದೆಲ್ಲ ಬರಹದಲ್ಲಿ ಬಿಟ್ಟುಕೊಡಬಾರದು.

ಕಾನೂನಿನ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ. ಲೇಟಾಗಿ ಡ್ಯೂಟಿ ಶುರು ಮಾಡೋದು ಹಕ್ಕು ಅಂತ ಆ ಕಾಯ್ದೆಯಲ್ಲೂ ಇರಲಿಲ್ಲ, ಸಂಹಿತೆಯಲ್ಲೂ ಇಲ್ಲ. 2017ರ ತಿದ್ದುಪಡಿಯಲ್ಲಿ ರಜೆ ಆದ್ಮೇಲೆ ಮನೆಯಿಂದ ಕೆಲಸ ಅನ್ನೋದು ಬಂತು, ಅದೂ ಕೆಲಸ ಆ ಥರದ್ದಾಗಿದ್ರೆ, ಇಬ್ಬರೂ ಒಪ್ಪಿದ್ರೆ. ರಕ್ತ ತೆಗೆಯೋದು ಮನೆಯಿಂದ ಆಗಲ್ಲ. ಶಿಶುಮಂದಿರ ಕಡ್ಡಾಯ ಇರೋದು 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಡೆ, ಇಲ್ಲಿ ಹದಿನಾಲ್ಕು. ಹಾಗಾಗಿ ಇದು ಪೂರ್ತಿ ಕೇಳಿ ಪಡೆಯೋ ವಿಷಯ, ಸೆಕ್ಷನ್ ನಂಬರ್ ಹಾಕಿ ಶುರು ಮಾಡಿದ್ರೆ ಓದೋರು ಮೊದಲ ಸಾಲಿಗೇ ಬಿಗಿ ಆಗ್ತಾರೆ, ಆಮೇಲೆ ಅವರೂ ಕಾನೂನಲ್ಲಿ ಇಲ್ಲ ಅಂತ ಹೇಳಿ ಮುಗಿಸ್ತಾರೆ.

ಪತ್ರಕ್ಕೆ ಮುಂಚೆ ಇನ್ನೊಂದು ಕೆಲಸ ಬಾಕಿ ಇತ್ತು. ಒಂಬತ್ತರಿಂದ ಐದೂವರೆ ಡ್ಯೂಟಿ ಮಾಡೋ ಇನ್ನೊಬ್ಬ ಟೆಕ್ನಿಷಿಯನ್ ಇದ್ರು, ಅವರಿಗೆ ಸಂಜೆ ಬೇಗ ಮನೆಗೆ ಹೋಗೋದು ಬೇಕಿತ್ತು, ಮಗನ ಟ್ಯೂಷನ್ ಪಿಕಪ್ಪು. ಮೊದಲು ಅವರನ್ನ ಕೇಳಿದ್ಲು. "ನಂದೇನೂ ಅಡ್ಡಿ ಇಲ್ಲಮ್ಮ, ಆದ್ರೆ ಸೋಮವಾರ ಮಾತ್ರ ಒಬ್ಬನ ಕೈಲಿ ಆಗಲ್ಲ ನೋಡು" ಅಂದ್ರು. ಹೌದು, ಸೋಮವಾರದ ಕ್ಯೂ ಬೇರೆಯೇ, ಭಾನುವಾರ ಮದುವೆ ಊಟ ಮುಗಿಸಿ ಎಲ್ಲರಿಗೂ ಶುಗರ್ ನೆನಪಾಗೋ ದಿನ ಅದು. ಈ ಮಾತು ಸಿಕ್ಕಿದ್ದು ದೊಡ್ಡದು, ಪತ್ರದಲ್ಲಿ ಸೋಮವಾರವನ್ನ ಅವಳೇ ಎತ್ತಿದ್ಲು, ಮ್ಯಾನೇಜರ್ ಎತ್ತೋಕ್ಕೆ ಮುಂಚೆ.

ಕೊನೆಗೆ ಹೋದ ಪತ್ರ ಹೀಗಿತ್ತು.

"ಮಾನ್ಯ ಮೇಡಂ ಅವರಿಗೆ,

ವಿಷಯ: ಮೂರು ತಿಂಗಳ ಮಟ್ಟಿಗೆ ಡ್ಯೂಟಿ ಸಮಯವನ್ನು ಬೆಳಿಗ್ಗೆ 7ರ ಬದಲು 9ಕ್ಕೆ ಹಾಕಿಕೊಡುವ ಬಗ್ಗೆ.

ಹೆರಿಗೆ ರಜೆ ಮುಗಿಸಿ ಈ ತಿಂಗಳಿಂದ ಡ್ಯೂಟಿಗೆ ಬರುತ್ತಿದ್ದೇನೆ. ಮಗುವಿಗೆ ಈಗ ಐದೂವರೆ ತಿಂಗಳು. ಹಗಲು ನಾನು ಇರದ ಕಾರಣ ಮಗು ರಾತ್ರಿ ಹೆಚ್ಚು ಹಾಲು ಕುಡಿಯುತ್ತಿದೆ, ನಾಲ್ಕು ಸಲ ಏಳುತ್ತದೆ. ಬೆಳಗಿನ ಜಾವ ಐದರ ನಂತರ ಏಳರವರೆಗೆ ಒಂದೇ ಸಮನೆ ಮಲಗುತ್ತದೆ. 7ರ ಡ್ಯೂಟಿಗೆ ನಾನು ಆ ಹೊತ್ತಿಗೇ ಎದ್ದು ಹೊರಡಬೇಕು.

ಮುಂದಿನ ತಿಂಗಳ 1ರಿಂದ ಮೂರು ತಿಂಗಳು ನನ್ನ ಡ್ಯೂಟಿಯನ್ನು 9ರಿಂದ 5.30 ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಒಟ್ಟು ಗಂಟೆ ಈಗಿನಷ್ಟೇ ಇರುತ್ತದೆ.

ಬೆಳಗಿನ ಸ್ಯಾಂಪಲ್ ತೆಗೆಯುವುದು, ಲೇಬಲ್ ಮತ್ತು ಕಂಟ್ರೋಲ್ ಓಡಿಸುವುದು ಹೆಚ್ಚು ಗಮನ ಬೇಡುವ ಕೆಲಸ. ಸದ್ಯಕ್ಕೆ ಅದನ್ನು ನಿದ್ದೆ ಆದವರು ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ. 9ರ ಡ್ಯೂಟಿಯಲ್ಲಿರುವ ಸಹೋದ್ಯೋಗಿ ಬದಲಿಗೆ ಒಪ್ಪಿದ್ದಾರೆ, ಅವರಿಗೆ ಕಂಟ್ರೋಲ್ ಓಡಿಸುವುದು ಗೊತ್ತಿದೆ. ನಾನು ಊಟದ ನಂತರದ ಶುಗರ್ ಸ್ಯಾಂಪಲ್, ಹನ್ನೊಂದರ ಥೈರಾಯ್ಡ್ ಬ್ಯಾಚ್, ಸಂಜೆ ಐದರ ರಿಪೋರ್ಟ್ ಕೊಡುವುದನ್ನು ಪೂರ್ತಿ ನೋಡಿಕೊಳ್ಳುತ್ತೇನೆ. ಸೋಮವಾರ ರಶ್ ಇರುವುದರಿಂದ ಅಂದು ಮಾತ್ರ 7.30ಕ್ಕೆ ಬರುತ್ತೇನೆ.

ಹಾಲು ತೆಗೆಯುವ ಎರಡು ಬ್ರೇಕ್ 11.30 ಮತ್ತು 3.30ಕ್ಕೆ ತೆಗೆದುಕೊಳ್ಳುತ್ತೇನೆ, ಬ್ಯಾಚ್‌ಗೆ ತೊಂದರೆ ಆಗದು.

ಒಂದು ತಿಂಗಳಾದ ಮೇಲೆ ಇದು ಲ್ಯಾಬಿಗೆ ಹೊಂದುತ್ತಿದೆಯೇ ಎಂದು ತಾವು ನೋಡಬಹುದು. ಹೊಂದದಿದ್ದರೆ ಬೇರೆ ಸಮಯದ ಬಗ್ಗೆ ಮಾತಾಡಲು ಸಿದ್ಧ.

ಇಂತಿ, ಸೀನಿಯರ್ ಟೆಕ್ನಿಷಿಯನ್."

ಒಂದೇ ಪುಟ. "ತುಂಬಾ ಕಷ್ಟ" ಅನ್ನೋ ಮಾತೇ ಇಲ್ಲ, ನಾಲ್ಕು ಸಲ ಏಳತ್ತೆ ಅಂದ್ರೆ ಓದಿದವರಿಗೆ ತಾನಾಗೇ ಗೊತ್ತಾಗತ್ತೆ. "ನಿದ್ದೆ ಆದವರು ಮಾಡುವುದೇ ಸರಿ" ಅನ್ನೋ ಸಾಲು ಅವಳದ್ದೇ, ನನಗೆ ತುಂಬಾ ಇಷ್ಟ ಆಗಿದ್ದು ಅದು. ಕೊಟ್ಟಿದ್ದು 18ನೇ ತಾರೀಕು, ಯಾಕಂದ್ರೆ ಅಲ್ಲಿ ಮುಂದಿನ ತಿಂಗಳ ರೋಸ್ಟರ್ ಹಾಕೋದು 25ಕ್ಕೆ. ರೋಸ್ಟರ್ ಬೋರ್ಡಿಗೆ ಹತ್ತಿದ ಮೇಲೆ ಕೊಟ್ಟಿದ್ರೆ ಅದೇ ಪತ್ರಕ್ಕೆ ಇನ್ನೊಂದು ತಿಂಗಳು ಕಾಯಬೇಕಿತ್ತು.

ಉತ್ತರ ಬಂದಿದ್ದು ಮೂರು ದಿನಕ್ಕೆ. ಪೂರ್ತಿ ಹೌದು ಅಲ್ಲ. ಮೇಡಂ ಎರಡು ತಿಂಗಳು ಅಂದ್ರು, ಎಂಟೂವರೆ ಅಂದ್ರು, ಸೋಮವಾರ ಏಳೂವರೆ ಸರಿ ಅಂದ್ರು. ಎಂಟೂವರೆ ಯಾಕೆ ಅಂದ್ರೆ ಆ ಹೊತ್ತಿಗೆ ರಶ್ಶಲ್ಲಿ ಬಂದ ಟ್ಯೂಬುಗಳನ್ನ ಸೆಂಟ್ರಿಫ್ಯೂಜಿಗೆ ಹಾಕೋಕ್ಕೆ ಒಂದು ಕೈ ಬೇಕಿತ್ತು, ರಕ್ತ ಹೆಪ್ಪುಗಟ್ಟೋಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ತಿರುಗಿಸಬೇಕಲ್ಲ, ಏಳೂವರೆ ಎಂಟರ ಟ್ಯೂಬುಗಳೆಲ್ಲ ಅದೇ ಹೊತ್ತಿಗೆ ರೆಡಿ ಆಗಿರ್ತವೆ. ನ್ಯಾಯವಾದ ಕಾರಣ. ಅವಳಿಗೂ ಲೆಕ್ಕ ಸರಿ ಬಂತು, ಎಂಟೂವರೆಗೆ ಅಂದ್ರೆ ಆರೂಮುಕ್ಕಾಲಿಗೆ ಎದ್ರೆ ಸಾಕು, ಐದರ ನಿದ್ದೆ ಹೆಚ್ಚು ಕಮ್ಮಿ ಉಳೀತು. ಬಾಯಲ್ಲಿ ಹೇಳಿದ್ದನ್ನ ಅವಳೇ ಎರಡು ಸಾಲಲ್ಲಿ ವಾಟ್ಸಾಪ್ ಮಾಡಿದ್ಲು, "ಮೇಡಂ, 1ರಿಂದ ಎರಡು ತಿಂಗಳು 8.30ರಿಂದ 5, ಸೋಮವಾರ 7.30, ಸರಿ ಅಲ್ವಾ" ಅಂತ, ಆ ಕಡೆಯಿಂದ ಹೆಬ್ಬೆಟ್ಟು ಬಂತು. ಮುಂದೆ ಅಟೆಂಡೆನ್ಸಲ್ಲಿ ಲೇಟ್ ಮಾರ್ಕ್ ಬಿದ್ದಾಗ ತೋರಿಸೋಕ್ಕೆ ಇದೇ ಆಧಾರ, ಮೊದಲ ವಾರ ಬಿದ್ದಿತ್ತು ಕೂಡ, ಬಯೋಮೆಟ್ರಿಕ್ಕಲ್ಲಿ ಶಿಫ್ಟ್ ಬದಲಾಯಿಸೋದು ಯಾರಿಗೂ ನೆನಪಿರಲಿಲ್ಲ.

ಈಗ ಎಡವಿದ್ದು ಎಲ್ಲಿ ಅಂದ್ರೆ ಆಫೀಸಲ್ಲಿ ಅಲ್ಲ, ಮನೇಲಿ. ಮೊದಲ ವಾರ ಕ್ಯಾಲೆಂಡರ್ ನೋಡಿದ್ರೆ ಮಗು ಅದೇ ಥರ ಮಲಗಿದೆ, ಆದ್ರೆ ಅವಳ ನಿದ್ದೆ ಒಂದು ಚೂರೂ ಜಾಸ್ತಿ ಆಗಿಲ್ಲ. ಯಾಕೆ? "ಹೇಗೂ ಲೇಟಾಗಿ ಹೋಗ್ತೀಯಲ್ಲ, ತಿಂಡಿ ನೀನೇ ಮಾಡಿಬಿಡು" ಅಂತ ಅತ್ತೆ ಅಂದಿದ್ರು, ಅವರೂ ಹಗಲಿಡೀ ಮಗು ಎತ್ಕೊಂಡಿರೋರೇ, ತಪ್ಪು ಅನ್ನೋಕ್ಕಾಗಲ್ಲ. ಅದೂ ಅಲ್ಲದೆ ರಾತ್ರಿ ಮಲಗೋದು ಹತ್ತರಿಂದ ಹನ್ನೊಂದಕ್ಕೆ ಜಾರಿತ್ತು, ನಾಳೆ ಬೇಗ ಏಳಬೇಕಿಲ್ಲವಲ್ಲ ಅಂತ. ಆಫೀಸು ಕೊಟ್ಟ ಒಂದೂವರೆ ಗಂಟೆ ದೋಸೆ ಹೆಂಚಿಗೆ ಅರ್ಧ, ಮೊಬೈಲಿಗೆ ಅರ್ಧ. ಆಮೇಲೆ ಗಂಡ ತಿಂಡಿ ಜವಾಬ್ದಾರಿ ತಗೊಂಡ್ರು, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ಎಂಟಕ್ಕೆ ಹೊರಡೋರು ಅವರು, ದಿನಾ ಉಪ್ಪಿಟ್ಟೋ ಅವಲಕ್ಕಿಯೋ, ಯಾರೂ ಕೊಸರಾಡಲಿಲ್ಲ. ರಾತ್ರಿ ಒಂಬತ್ತರಿಂದ ಹನ್ನೊಂದು ಮಗು ಅವರ ಹತ್ರ, ಅವಳು ಒಂಬತ್ತೂವರೆಗೆ ಮಲಗೋದು. ಎರಡನೇ ವಾರದಿಂದ ವ್ಯತ್ಯಾಸ ಗೊತ್ತಾಯ್ತು. ಬಸ್ಸಲ್ಲಿ ಕೂತ ತಕ್ಷಣ ಕಣ್ಣು ಮುಚ್ಚೋದು ನಿಂತ್ರೆ ಸರಿ ಹೋಗ್ತಿದೆ ಅಂತ ಲೆಕ್ಕ, ಬೇರೆ ಅಳತೆ ಬೇಕಾಗಿಲ್ಲ.

ಹಾಲಿನದ್ದೂ ಒಂದು ತಕರಾರು ಬಂತು. ತೆಗೆದ ಹಾಲು ಇಡೋದೆಲ್ಲಿ? ಲ್ಯಾಬ್ ತುಂಬ ಫ್ರಿಜ್ಜುಗಳು, ಆದ್ರೆ ಎಲ್ಲದರಲ್ಲೂ ಸ್ಯಾಂಪಲ್ಲು, ರೀಏಜೆಂಟು, ಅದರೊಳಗೆ ತಿನ್ನೋ ಕುಡಿಯೋ ವಸ್ತು ಯಾವುದೂ ಇಡೋ ಹಾಗೇ ಇಲ್ಲ, ಎಷ್ಟೇ ಮುಚ್ಚಿದ ಬಾಟಲಾದ್ರೂ. ಐಸ್‌ಪ್ಯಾಕ್ ಹಾಕಿದ ಸಣ್ಣ ಬ್ಯಾಗ್ ತರೋಕ್ಕೆ ಶುರು ಮಾಡಿದ್ಲು. ಅದಿಲ್ಲದಿದ್ರೆ, ಡ್ಯೂಟಿ ಐದಕ್ಕೆ ಮುಗಿಯೋದ್ರಿಂದ ಹನ್ನೊಂದೂವರೆ ಹಾಲು ಹೊರಗೆ ಐದಾರು ಗಂಟೆ ಕೂರ್ತಿತ್ತು, ನಾಲ್ಕು ಗಂಟೆ ಮೇಲೆ ಹೊರಗೆ ಇಡಬಾರದು, ನಮ್ಮ ಬೇಸಿಗೆಯಲ್ಲಂತೂ ಇನ್ನೂ ಕಮ್ಮಿ. ಟೈಮ್ ಬದಲಾದ್ರೆ ಇಂಥದ್ದೆಲ್ಲ ಮತ್ತೆ ಕೂಡಿಸಬೇಕು.

ಇನ್ನೊಂದು ವಿಷಯ, ಇದು ಅವಳಿಗೆ ಆಗಲಿಲ್ಲ, ಆದ್ರೆ ನಾನು ಕೇಳಿ ಖಾತ್ರಿ ಮಾಡ್ಕೊಂಡಿದ್ದೆ. ಮಗು ಮಲಗಿದಾಗಲೂ ನಿದ್ದೆ ಬರದೆ ಇದ್ರೆ, ಎರಡು ವಾರದ ಮೇಲೆ ಅಳು, ಮಂಕು, ಏನೂ ಬೇಡ ಅನ್ನಿಸೋದು ಇದ್ರೆ ಅದು ಡ್ಯೂಟಿ ಟೈಮಿನ ಸಮಸ್ಯೆ ಅಲ್ಲ, ಬಾಣಂತನದ ಖಿನ್ನತೆ ಇರಬಹುದು, ಡಾಕ್ಟರ್ ಹತ್ರ ಹೋಗಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಬರೀ ಸುಸ್ತು ಜಾಸ್ತಿ ಇದ್ರೂ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಬೇಕು, ಹೆರಿಗೆ ಆದ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗೋದು ಉಂಟು. ಅವಳು ತನ್ನ ಲ್ಯಾಬಲ್ಲೇ ಮಾಡಿಸಿದ್ಲು, ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ ಹತ್ತಕ್ಕೂ ಕಮ್ಮಿ ಇತ್ತು, ಹೆರಿಗೆ ಆದ್ಮೇಲೆ ಕಬ್ಬಿಣದ ಮಾತ್ರೆ ಬಿಟ್ಟುಬಿಟ್ಟಿದ್ಲಂತೆ. ಡಾಕ್ಟರ್ ಹೇಳಿ ಅದು ಮತ್ತೆ ಶುರುವಾಯ್ತು. ಅಷ್ಟು ದಿನದ ಸುಸ್ತಿನಲ್ಲಿ ನಿದ್ದೆದೆಷ್ಟು, ರಕ್ತದ್ದೆಷ್ಟು ಅಂತ ಬೇರೆ ಮಾಡೋಕ್ಕಾಗಲ್ಲ.

ಎರಡು ತಿಂಗಳು ಮುಗಿಯೋ ಹೊತ್ತಿಗೆ ಮಗುಗೆ ಎಂಟು ತಿಂಗಳು, ರಾಗಿ ಸರಿ, ಮೆತ್ತಗಿನ ಅನ್ನ ಬೇಳೆ ನಡೀತಿತ್ತು, ಹಗಲಿಗೆ ಹೊಟ್ಟೆ ತುಂಬ್ತಿತ್ತು. ರಾತ್ರಿ ಎರಡು ಸಲಕ್ಕೆ ಇಳಿದಿತ್ತು, ಹಲ್ಲು ಬರೋ ವಾರ ಬಿಟ್ಟು. ಅವಳು 20ನೇ ತಾರೀಕಿಗೇ ಇನ್ನೊಂದು ಸಣ್ಣ ಪತ್ರ ಕೊಟ್ಲು, ಇನ್ನೊಂದು ತಿಂಗಳು 8ಕ್ಕೆ, ಅದಾದ ಮೇಲೆ ಹಳೇ 7ಕ್ಕೆ ಬರ್ತೀನಿ ಅಂತ. ಇದಕ್ಕೆ ಉತ್ತರ ಅವತ್ತೇ ಬಂತು. ಏಳರ ಡ್ಯೂಟಿಗೆ ಬದಲಿ ಹೋಗಿದ್ದ ಸಹೋದ್ಯೋಗಿ ಮಾತ್ರ "ನನಗೆ ಇದೇ ಅಭ್ಯಾಸ ಆಗೋಗಿದೆ, ನನ್ನನ್ನ ಬದಲಾಯಿಸಬೇಡಿ" ಅಂತ ಅವರೇ ಒಂದು ಪತ್ರ ಬರೆದ್ರಂತೆ, ಅದಿನ್ನೂ ಮೇಡಂ ಟೇಬಲ್ ಮೇಲಿದೆ.